ರಸ್ತೆಯಿಂದ ಮೂರು ಮಹಡಿ, ನಲ್ಲಿಯಲ್ಲಿ ಇಪ್ಪತ್ತೆರಡು ಮಹಡಿಯ ಒತ್ತಡ

ಕೊಡಗಿನಲ್ಲಿ ಇಪ್ಪತ್ತು ಮಹಡಿಯ ಗೋಪುರಗಳಿಲ್ಲ. ಆದರೂ ಅಂಥ ಗೋಪುರದ ನೆಲಮಹಡಿಯಲ್ಲಿ ಎಷ್ಟು ನೀರಿನ ಒತ್ತಡ ಇರುತ್ತದೋ ಅಷ್ಟೇ ಒತ್ತಡವನ್ನು ತಡೆದುಕೊಳ್ಳಬೇಕಾದ ಬಚ್ಚಲುಮನೆಗಳು ಇಲ್ಲಿ ಇವೆ. ಕಾರಣ ನೆಲದ ಇಳಿಜಾರು. ಮಡಿಕೇರಿಯ ಸುತ್ತಮುತ್ತ ರಸ್ತೆಯಿಂದ ನೋಡಿದರೆ ಮೂರೇ ಮಹಡಿ ಕಾಣುವ ಕಟ್ಟಡ, ಹಿಂಭಾಗದ ಕಣಿವೆಯಿಂದ ನೋಡಿದರೆ ಎಂಟು ಮಹಡಿ ಇರುತ್ತದೆ. ಅದರ ಕೆಳಗೆ ಕಾಫಿ ಗಿಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಾಟೇಜುಗಳು. ಇಷ್ಟಕ್ಕೂ ನೀರು ಬರುವುದು ಮೇಲಿನ ಕಟ್ಟಡದ ತಾರಸಿಯಲ್ಲಿರುವ ಒಂದೇ ಟ್ಯಾಂಕಿನಿಂದ. ಪ್ಲಂಬಿಂಗ್ ನಕ್ಷೆ ಮಾಡುವವರು ಮಹಡಿ ಎಣಿಸುತ್ತಾರೆ, ನೀರು ಮಾತ್ರ ಟ್ಯಾಂಕಿನಿಂದ ನಲ್ಲಿಯವರೆಗಿನ ಎತ್ತರದ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಪೈಪು ನೇರವಾಗಿ ಇಳಿದರೂ ಅಷ್ಟೇ, ಇನ್ನೂರು ಮೀಟರ್ ಓರೆಯಾಗಿ ಸಾಗಿ ಇಳಿದರೂ ಅಷ್ಟೇ.

ಲೆಕ್ಕ ಸುಲಭ. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುವವರಿಗೆಲ್ಲ ಇದು ಗೊತ್ತಿರುವ ಮಾತು. 4 ಕೆಜಿ ಪೈಪು, 6 ಕೆಜಿ ಪೈಪು ಎಂದು ಅಂಗಡಿಯಲ್ಲಿ ಕೇಳುವುದು ಇದೇ ಅಳತೆಯಲ್ಲಿ. ಈ ಲೇಖನದಲ್ಲೂ ಕೆಜಿ ಎಂದರೆ ಅದೇ ಅರ್ಥ. ಸ್ನಾನದ ಮನೆಯ ಶವರ್ ಚೆನ್ನಾಗಿ ಬರಲು ಒಂದು ಕೆಜಿ ಸಾಕು. ಮೂರೂವರೆ ಕೆಜಿ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯ ವಿನ್ಯಾಸದ ಮಿತಿ. ಐದಕ್ಕಿಂತ ಹೆಚ್ಚಾದರೆ ಮನೆಬಳಕೆಯ ನಲ್ಲಿ, ಹೋಸು, ಫ್ಲಶ್ ಟ್ಯಾಂಕುಗಳು ತಮ್ಮ ಪೂರ್ತಿ ಆಯುಸ್ಸು ಬಾಳುವುದಿಲ್ಲ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಮೇಲೆ ಎಂಟು ಹಂತದ ಮುಖ್ಯ ಕಟ್ಟಡ: ರಸ್ತೆಯ ಮೇಲೆ ಮೂರು, ಕೆಳಗೆ ಐದು. ತಾರಸಿಯ ಸ್ಟ್ಯಾಂಡಿನ ಮೇಲೆ 10,000 ಲೀಟರ್ ಟ್ಯಾಂಕು. ಅದರ ನೀರಿನ ಮಟ್ಟಕ್ಕೂ ಮೇಲಿನ ಮಹಡಿಯ ನಲ್ಲಿಗೂ 6 ಮೀಟರ್ ಅಂತರ. ಮಹಡಿಯೊಂದಕ್ಕೆ 3 ಮೀಟರ್ ಹಿಡಿದರೆ ಎಂಟನೆಯ, ಅಂದರೆ ತೀರ ಕೆಳಗಿನ ಮಹಡಿಯ ನಲ್ಲಿ 27 ಮೀಟರ್ ಕೆಳಗಿರುತ್ತದೆ. ಅದಾದ ಮೇಲೆ ಇಳಿಜಾರಿನಲ್ಲಿ ಹನ್ನೆರಡು ಕಾಟೇಜು, ಮೂರು ಸಾಲು, ಸಾಲಿಗೆ ನಾಲ್ಕು. ಮೊದಲ ಸಾಲಿನ ನಲ್ಲಿಗಳು ಟ್ಯಾಂಕಿನಿಂದ 36 ಮೀಟರ್ ಕೆಳಗೆ, ಎರಡನೆಯವು 48 ಮೀಟರ್ ಕೆಳಗೆ, ಮೂರನೆಯವು 66 ಮೀಟರ್ ಕೆಳಗೆ. ಒಂದೇ ಪೈಪು ಮೇಲಿನಿಂದ ಕೆಳಗಿನವರೆಗೆ ಎಳೆದರೆ ಮೂರನೆಯ ಸಾಲಿನಲ್ಲಿ 6.6 ಕೆಜಿ. ಮಹಡಿಯ ಲೆಕ್ಕಕ್ಕೆ ತಂದರೆ ಇಪ್ಪತ್ತೆರಡು ಮಹಡಿ.

ಈ 6.6 ಕೆಜಿ ಏನು ಮಾಡುತ್ತದೆ? ಮೊದಲನೆಯದು, ನೀರು ಪೋಲಾಗುತ್ತದೆ. ನಲ್ಲಿಯಿಂದ ಬರುವ ನೀರು ಒತ್ತಡದ ವರ್ಗಮೂಲದಂತೆ ಹೆಚ್ಚುತ್ತದೆ. ಒಂದು ಕೆಜಿಯಲ್ಲಿ ನಿಮಿಷಕ್ಕೆ 8 ಲೀಟರ್ ಕೊಡುವ ನಲ್ಲಿ 6.6 ಕೆಜಿಯಲ್ಲಿ ಅಷ್ಟೇ ತಿರುಗಿಸಿದರೂ 20 ಲೀಟರ್ ಕೊಡುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಕೆಳಸಾಲಿನವರು ಸ್ನಾನಕ್ಕೆ ಹೋದರೆ ಮೇಲಿನ ಮಹಡಿಯ ಶವರ್ ಬತ್ತಿಹೋಗುವುದು ಇದರಿಂದಲೇ.

ಎರಡನೆಯದು, ಯಾವಾಗಲೂ ಒತ್ತಡದಲ್ಲೇ ಇರುವ ಸಣ್ಣ ಭಾಗಗಳು ಸೋಲುತ್ತವೆ. ನಲ್ಲಿ ಗಟ್ಟಿ, ಅದನ್ನು ಗೋಡೆಗೆ ಜೋಡಿಸುವ ಹೆಣೆದ ಹೋಸು ಗಟ್ಟಿಯಲ್ಲ. ಎಲ್ಲಕ್ಕಿಂತ ಬೇಗ ಹೋಗುವುದು ಹೆಲ್ತ್ ಫಾಸೆಟ್‌ನ ಹೋಸು. ಗೋಡೆಯ ಆಂಗಲ್ ವಾಲ್ವನ್ನು ಯಾರೂ ಮುಚ್ಚುವುದಿಲ್ಲ. ಗನ್ನಿನ ಟ್ರಿಗರ್ ಒಂದೇ ನೀರನ್ನು ತಡೆದುಕೊಂಡಿರುತ್ತದೆ, ಹೋಸು ಹಗಲೂ ರಾತ್ರಿ ಪೂರ್ತಿ ಒತ್ತಡದಲ್ಲಿರುತ್ತದೆ. ಅದು ಒಡೆಯುವುದೂ ಸಾಮಾನ್ಯವಾಗಿ ಯಾರೂ ನೀರು ಬಳಸದ ರಾತ್ರಿಯಲ್ಲೇ, ಏಕೆಂದರೆ ಹರಿವಿಲ್ಲದಾಗ ಒತ್ತಡ ತನ್ನ ಗರಿಷ್ಠ ಮಟ್ಟದಲ್ಲಿರುತ್ತದೆ. ಫ್ಲಶ್ ಟ್ಯಾಂಕಿನ ಫ್ಲೋಟ್ ಪೂರ್ತಿ ಮುಚ್ಚದೆ ರಾತ್ರಿಯಿಡೀ ಸುಯ್ಯೆಂದು ಸದ್ದು ಮಾಡಿದರೆ, ಕಮೋಡಿನೊಳಗೆ ಸಣ್ಣ ಧಾರೆ ನಿಲ್ಲದಿದ್ದರೆ, ವಾಷರ್ ಬದಲಿಸುವ ಮೊದಲು ಒತ್ತಡ ಅಳೆಯಬೇಕು.

ಮೂರನೆಯದು ಬಿಸಿನೀರು. ಈಗ ಮಾರಾಟಕ್ಕಿರುವ ಹಲವು ಗೀಸರುಗಳ ಮೇಲೆ 8 ಕೆಜಿಯವರೆಗೆ ಎಂದು ಬರೆದಿರುತ್ತದೆ, ಹಾಗಾಗಿ 6.6 ಸುರಕ್ಷಿತ ಎಂದೇ ತೋರುತ್ತದೆ. ಆದರೆ ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪಿನ ತಾಳಿಕೆ ಬಿಸಿ ಏರಿದಂತೆ ಇಳಿಯುತ್ತದೆ. ಎಸ್‌ಡಿಆರ್ 11 ದರ್ಜೆಯ ಪೈಪು 23 ಡಿಗ್ರಿಯಲ್ಲಿ ಸುಮಾರು 28 ಕೆಜಿ ತಡೆದರೆ, 82 ಡಿಗ್ರಿಯಲ್ಲಿ ತಡೆಯುವುದು 7 ಕೆಜಿ ಮಾತ್ರ. ಅದರ ಮೇಲೆ ನೀರಿನ ಹೊಡೆತ ಬೇರೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತಿರುವ ನೀರನ್ನು ಕಾಲು ಸುತ್ತಿನ ನಲ್ಲಿ ಫಟ್ಟನೆ ನಿಲ್ಲಿಸಿದರೆ ಪ್ಲಾಸ್ಟಿಕ್ ಪೈಪಿನಲ್ಲಿ ಸುಮಾರು 9 ಕೆಜಿಯ ಕ್ಷಣಿಕ ಒತ್ತಡ ಏಳಬಹುದು. ಇದು 6.6ಕ್ಕೆ ಕೂಡುತ್ತದೆ. ಗೋಡೆಯೊಳಗಿನ ಎಲ್ಬೋ ಜಾಯಿಂಟು ಸೀಳುವುದು ಇಂಥ ಹೊಡೆತ ಸಾವಿರಾರು ಸಲ ಬಿದ್ದ ಮೇಲೆ.

ಇದಕ್ಕೆ ಇಲ್ಲಿ ಹೆಚ್ಚಾಗಿ ಮಾಡುವ ಪರಿಹಾರವೆಂದರೆ ಕೆಳಸಾಲಿನ ಗೇಟ್ ವಾಲ್ವನ್ನು ಮುಕ್ಕಾಲು ಪಾಲು ಮುಚ್ಚಿಡುವುದು. ನಲ್ಲಿ ತೆರೆದಾಗ ನೀರು ಮೆತ್ತಗೆ ಬರುತ್ತದೆ, ಕೆಲಸ ಆಯಿತು ಎನಿಸುತ್ತದೆ. ಆಗಿರುವುದಿಲ್ಲ. ಅರ್ಧ ಮುಚ್ಚಿದ ವಾಲ್ವು ಒತ್ತಡವನ್ನು ತಗ್ಗಿಸುವುದು ಅದರ ಮೂಲಕ ನೀರು ಹರಿಯುತ್ತಿರುವಾಗ ಮಾತ್ರ. ಎಲ್ಲ ನಲ್ಲಿ ಮುಚ್ಚಿದ ಕೆಲವೇ ಕ್ಷಣಗಳಲ್ಲಿ ಎರಡೂ ಕಡೆ ಒತ್ತಡ ಸಮವಾಗುತ್ತದೆ. ಹೋಸಿನ ಮೇಲೆ, ಗೀಸರಿನ ಮೇಲೆ ಮತ್ತೆ ಅದೇ 6.6 ಕೆಜಿ. ಸಣ್ಣ ಪೈಪು ಹಾಕಿದರೂ ಇದೇ ಕತೆ. ಹರಿವನ್ನು ಕಡಿಮೆ ಮಾಡುವುದು ಬೇರೆ, ನಿಂತ ನೀರಿನ ಒತ್ತಡವನ್ನು ಕಡಿಮೆ ಮಾಡುವುದು ಬೇರೆ. ಎರಡನೆಯದನ್ನು ನಿಜವಾಗಿ ಮಾಡುವ ಸಾಧನಗಳು ಎರಡೇ: ಬ್ರೇಕ್ ಟ್ಯಾಂಕು ಮತ್ತು ಒತ್ತಡ ತಗ್ಗಿಸುವ ವಾಲ್ವು, ಪ್ಲಂಬರುಗಳ ಮಾತಿನಲ್ಲಿ ಪಿಆರ್‌ವಿ.

ಎರಡೂ ಕೆಡುತ್ತವೆ, ಕೆಡುವ ರೀತಿ ಬೇರೆ

ಬ್ರೇಕ್ ಟ್ಯಾಂಕು ಎಂದರೆ ದಾರಿಯ ನಡುವೆ ಇಟ್ಟ, ಮೇಲ್ಭಾಗ ಗಾಳಿಗೆ ತೆರೆದ ಇನ್ನೊಂದು ಟ್ಯಾಂಕು. ಮೇಲಿನಿಂದ ಬಂದ ನೀರು ಫ್ಲೋಟ್ ವಾಲ್ವಿನ ಮೂಲಕ ಅದರೊಳಗೆ ಬೀಳುತ್ತದೆ. ಬಿದ್ದ ಕೂಡಲೇ ಮೇಲಿನ ಎತ್ತರದ ಒತ್ತಡ ಅಲ್ಲಿಗೇ ಮುಗಿಯಿತು. ಅಲ್ಲಿಂದ ಕೆಳಗೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಪಿಆರ್‌ವಿ ಹಾಗಲ್ಲ. ಅದು ಪೈಪಿನೊಳಗೇ ಕೂತು, ಸ್ಪ್ರಿಂಗು ಮತ್ತು ರಬ್ಬರ್ ಪೊರೆಯ ಬಲದಿಂದ ತನ್ನ ಬಾಯಿಯನ್ನು ಬೇಕಾದಷ್ಟೇ ತೆರೆದು ಮುಚ್ಚಿ, ಆಚೆ ಬದಿಯಲ್ಲಿ ನಾವು ಹೇಳಿದ ಒತ್ತಡವನ್ನು ಕಾಯುತ್ತದೆ. ಹರಿವು ನಿಂತಾಗಲೂ ಕಾಯುತ್ತದೆ, ಅದೇ ಅದಕ್ಕೂ ಗೇಟ್ ವಾಲ್ವಿಗೂ ಇರುವ ವ್ಯತ್ಯಾಸ.

ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಬೆಲೆಯಿಂದ ತೀರ್ಮಾನಿಸುವುದು ರೂಢಿ. ಕೇಳಬೇಕಾದದ್ದು ಬೇರೆ: ಇದು ಕೆಟ್ಟ ದಿನ ಕೆಳಗಿನ ನಲ್ಲಿಗೆ ಎಷ್ಟು ಒತ್ತಡ ಬರುತ್ತದೆ? ಬ್ರೇಕ್ ಟ್ಯಾಂಕಿನ ಫ್ಲೋಟ್ ವಾಲ್ವು ಕೆಟ್ಟರೆ ಟ್ಯಾಂಕು ತುಂಬಿ ಹೊರಚೆಲ್ಲುತ್ತದೆ. ಕೆಳಗಿನ ಒತ್ತಡ ಒಂದಿಷ್ಟೂ ಏರುವುದಿಲ್ಲ, ಮೇಲಾಗಿ ಕೆಟ್ಟಿರುವುದು ಕಣ್ಣಿಗೆ ಕಾಣುತ್ತದೆ. ಪಿಆರ್‌ವಿಯ ಆಸನದಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡರೆ, ಅಥವಾ ಪೊರೆ ಹರಿದರೆ, ಮೇಲಿನ ಪೂರ್ತಿ ಒತ್ತಡ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಹೋಸು ಒಡೆಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ದೊಡ್ಡ ಎತ್ತರವನ್ನು ಬ್ರೇಕ್ ಟ್ಯಾಂಕಿನಿಂದ ಕತ್ತರಿಸಬೇಕು, ಉಳಿದ ಸಣ್ಣ ಹೆಚ್ಚುವರಿಯನ್ನು ಪಿಆರ್‌ವಿಗೆ ಬಿಡಬೇಕು. ಪಿಆರ್‌ವಿ ಪೂರ್ತಿ ಸೋತರೂ ಕೆಳಗಿನ ಸಾಮಾನು ತಡೆದುಕೊಳ್ಳುವಂಥ ಜಾಗದಲ್ಲಿ ಮಾತ್ರ ಅದನ್ನು ನಂಬಬೇಕು.

ಬೆಂಗಳೂರಿನ ಗೋಪುರಗಳಲ್ಲಿ ಈ ಕ್ರಮವನ್ನು ಎಲ್ಲ ಕಡೆ ಪಾಲಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ಮೂವತ್ತು ಮಹಡಿಯ ಕಟ್ಟಡದ 90 ಮೀಟರನ್ನು ಮೂರು ವಲಯ ಮಾಡಬೇಕಾದರೆ ನಡುವೆ ಎರಡು ಕಡೆ ಟ್ಯಾಂಕಿನ ಕೋಣೆ ಬೇಕು. ಹತ್ತಾರು ಟನ್ ನೀರಿನ ಭಾರವನ್ನು ಸ್ಲ್ಯಾಬು ಹೊರಬೇಕು, ಮಾರಬಹುದಾದ ಜಾಗ ಬಿಟ್ಟುಕೊಡಬೇಕು, ಟ್ಯಾಂಕು ಸೋರಿದರೆ ಕೆಳಗಿನ ಮನೆಯ ಚಾವಣಿ ನೆನೆಯುತ್ತದೆ. ಹಾಗಾಗಿ ಬಿಲ್ಡರುಗಳು ಪಿಆರ್‌ವಿ ಕಡೆ ವಾಲುತ್ತಾರೆ. ಕೊಡಗಿನ ಇಳಿಜಾರಿನಲ್ಲಿ ಈ ಅಡ್ಡಿ ಯಾವುದೂ ಇಲ್ಲ. ಬೇಕಾದ ಮಟ್ಟದಲ್ಲಿ ನೆಲವೇ ಇದೆ.

ಟ್ಯಾಂಕನ್ನು ಯಾವ ಮಟ್ಟದಲ್ಲಿ ಇಡುವುದು

ನಮ್ಮ ಲೆಕ್ಕಕ್ಕೆ ಮರಳೋಣ. ಮುಖ್ಯ ಕಟ್ಟಡದ ಎಂಟು ಹಂತಗಳಲ್ಲಿ 0.6ರಿಂದ 2.7 ಕೆಜಿ ಇದೆ. ಇದು ಒಂದು ವಲಯ, ಏನನ್ನೂ ಕತ್ತರಿಸಬೇಕಿಲ್ಲ. ಮೇಲಿನ ಎರಡು ಮಹಡಿಗೆ ಶವರ್ ಸ್ವಲ್ಪ ಸಪ್ಪೆ, ಅಲ್ಲಿಗೆ ಮಾತ್ರ ಸಣ್ಣ ಪ್ರೆಶರ್ ಪಂಪು ಕೂರಿಸಬಹುದು. ಹಾಗೆ ಕೂರಿಸುವಾಗ ತಣ್ಣೀರಿಗೂ ಸೋಲಾರ್ ಬಿಸಿನೀರಿಗೂ ಒಂದೇ ಒತ್ತಡ ಸಿಗುವಂತೆ ಜೋಡಿಸಬೇಕು. ತಣ್ಣೀರಿಗಷ್ಟೇ ಪಂಪು ಹಾಕಿದರೆ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಸೋಲಾರ್ ಟ್ಯಾಂಕಿನವರೆಗೂ ಹಿಂದಕ್ಕೆ ಹೋಗುತ್ತದೆ. ಸೋಲಾರ್ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಇದು ಎಷ್ಟೋ ಸಲ ಇರುತ್ತದೆ.

ಕಾಟೇಜುಗಳಿಗೆ ಬ್ರೇಕ್ ಟ್ಯಾಂಕು ಬೇಕು. ಮೊದಲ ಸಾಲಿಗೆ ಕನಿಷ್ಠ 10 ಮೀಟರ್ ಎತ್ತರ ಸಿಗಬೇಕಾದರೆ ಟ್ಯಾಂಕಿನ ನೀರಿನ ಮಟ್ಟ 26 ಮೀಟರಿನಲ್ಲಿ, ಅಂದರೆ ಮುಖ್ಯ ಕಟ್ಟಡದ ತೀರ ಕೆಳಗಿನ ಮಹಡಿಯ ಪಕ್ಕದಲ್ಲಿ ಇರಬೇಕು. ಆಗ ಮೊದಲ ಸಾಲಿಗೆ 1.0 ಕೆಜಿ, ಎರಡನೆಯದಕ್ಕೆ 2.2, ಮೂರನೆಯದಕ್ಕೆ 4.0. ಮೂರನೆಯದು ಮಿತಿಗಿಂತ ಅರ್ಧ ಕೆಜಿ ಹೆಚ್ಚು. ಟ್ಯಾಂಕನ್ನು ಇನ್ನೂ ನಾಲ್ಕು ಮೀಟರ್ ಕೆಳಗಿಟ್ಟರೆ ಮೂರನೆಯ ಸಾಲು 3.6ಕ್ಕೆ ಇಳಿಯುತ್ತದೆ, ಆದರೆ ಮೊದಲ ಸಾಲಿಗೆ ಉಳಿಯುವುದು 0.6; ಅಲ್ಲಿನ ಅತಿಥಿಗಳು ದೂರುತ್ತಾರೆ, ಮಾಲೀಕರು ಪಂಪು ಹಾಕುತ್ತಾರೆ, ವಲಯ ಮಾಡಿದ ಉದ್ದೇಶವೇ ಹಾಳು. ಹಾಗಾಗಿ ಟ್ಯಾಂಕು 26ರಲ್ಲೇ ಇರಲಿ. ಮೂರನೆಯ ಸಾಲಿಗೆ ಹೋಗುವ ಕವಲಿಗೆ ಮಾತ್ರ 25 ಮಿ.ಮೀ. ಪಿಆರ್‌ವಿ ಹಾಕಿ 2.5 ಕೆಜಿಗೆ ಕೂರಿಸುವುದು. ಅದು ಕೆಟ್ಟರೂ ಬರುವುದು 4.0 ಕೆಜಿ, ಹೋಸು, ಗೀಸರು ತಡೆದುಕೊಳ್ಳುತ್ತವೆ. ಬ್ರೇಕ್ ಟ್ಯಾಂಕಿಲ್ಲದೆ ಸಾಲಿಗೊಂದು ಪಿಆರ್‌ವಿ ಹಾಕಿದ್ದರೆ ಅದೇ ಸಾಲಿಗೆ ಕೆಟ್ಟ ದಿನ 6.6 ಕೆಜಿ ಬರುತ್ತಿತ್ತು. ನನ್ನ ಮಟ್ಟಿಗೆ ಈ ಒಂದು ಹೋಲಿಕೆಯೇ ಬ್ರೇಕ್ ಟ್ಯಾಂಕಿನ ಪರವಾಗಿ ಸಾಕು.

ಮೊದಲ ಸಾಲಿನ ಒಂದು ಕೆಜಿಯನ್ನು ಪೈಪಿನ ತಿಕ್ಕಾಟದಲ್ಲಿ ಕಳೆದುಕೊಳ್ಳಬಾರದು. ಬ್ರೇಕ್ ಟ್ಯಾಂಕಿನಿಂದ ಹೊರಡುವ ಮುಖ್ಯ ಪೈಪು 40 ಮಿ.ಮೀ. ಇದ್ದರೆ ಸೆಕೆಂಡಿಗೆ ಒಂದು ಲೀಟರ್ ಹರಿದಾಗಲೂ ನಲವತ್ತು ಮೀಟರ್ ಉದ್ದಕ್ಕೆ ಸುಮಾರು ಒಂದು ಮೀಟರ್ ಎತ್ತರದಷ್ಟೇ ನಷ್ಟ. ಅದನ್ನೇ 25ಕ್ಕೆ ಇಳಿಸಿದರೆ ಎತ್ತರದ ಬಹುಪಾಲು ಪೈಪಿನಲ್ಲೇ ಕರಗುತ್ತದೆ.

ಎತ್ತರ ಅಳೆಯಲು ಮೊಬೈಲಿನ ಆ್ಯಪ್ ನಂಬಬೇಡಿ. ಮರಗಳ ನಡುವೆ, ಇಳಿಜಾರಿನಲ್ಲಿ ಅದು ಹತ್ತು ಮೀಟರ್ ಅತ್ತಿತ್ತ ತೋರಿಸುವುದು ಸಾಮಾನ್ಯ. ಗಾರೆಯವರ ಲೆವೆಲ್ ಟ್ಯೂಬಿನಲ್ಲಿ ಹಂತ ಹಂತವಾಗಿ ಇಳಿಸುತ್ತ ಬಂದರೆ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಈಗಾಗಲೇ ಪೈಪು ಇದ್ದರೆ ಇನ್ನೂ ಸುಲಭ: 0–10 ಕೆಜಿಯ ಪ್ರೆಶರ್ ಗೇಜನ್ನು ನಲ್ಲಿಗೆ ಸಿಕ್ಕಿಸಿ, ಯಾರೂ ನೀರು ಬಳಸದ ನಸುಕಿನಲ್ಲಿ ಓದಿ. ಗೇಜು ತೋರಿಸಿದ್ದನ್ನು ಹತ್ತರಿಂದ ಗುಣಿಸಿದರೆ ಮೀಟರ್.

ಬ್ರೇಕ್ ಟ್ಯಾಂಕಿನ ಒಳಗು ಹೊರಗು

ಗಾತ್ರ ಎಷ್ಟು? ಹನ್ನೆರಡು ಕಾಟೇಜಿಗೆ ತಲಾ ಮೂವರು, ಒಬ್ಬರಿಗೆ ದಿನಕ್ಕೆ 200 ಲೀಟರ್ ಹಿಡಿದರೆ 7,200 ಲೀಟರ್. ಇದರ ಕಾಲು ಭಾಗ ಬೆಳಗಿನ ಒಂದೇ ಗಂಟೆಯಲ್ಲಿ ಹೋಗುತ್ತದೆ ಎಂದುಕೊಂಡರೆ 1,800 ಲೀಟರ್, ನಿಮಿಷಕ್ಕೆ 30. ಮೇಲಿನಿಂದ ನೀರು ಬರುತ್ತಲೇ ಇರುವುದರಿಂದ ಇಡೀ ದಿನದ ನೀರನ್ನು ಇಲ್ಲಿ ಕೂಡಿಡಬೇಕಿಲ್ಲ. 1,000 ಲೀಟರಿನ ಎರಡು ಟ್ಯಾಂಕು ಸಾಕು. ಒಂದೇ ದೊಡ್ಡದಕ್ಕಿಂತ ಎರಡು ಒಳ್ಳೆಯದು, ಒಂದನ್ನು ತೊಳೆಯುವಾಗ ಇನ್ನೊಂದರಿಂದ ನೀರು ಕೊಡಬಹುದು. ಪ್ರತಿ ಟ್ಯಾಂಕಿಗೂ ಒಳಬರುವ ಕಡೆ, ಹೊರಹೋಗುವ ಕಡೆ ಪ್ರತ್ಯೇಕ ವಾಲ್ವು ಇದ್ದರಷ್ಟೇ ಇದು ಸಾಧ್ಯ.

ಅತಿ ಹೆಚ್ಚು ತಪ್ಪು ನಡೆಯುವುದು ಫ್ಲೋಟ್ ವಾಲ್ವಿನ ಆಯ್ಕೆಯಲ್ಲಿ. ಮನೆಯ ಟ್ಯಾಂಕಿಗೆ ಹಾಕುವ ಸಾದಾ ಬಾಲ್ ವಾಲ್ವನ್ನೇ ಇಲ್ಲೂ ಹಾಕುತ್ತಾರೆ. ಅದರ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕಿ. ತೂತು 20 ಮಿ.ಮೀ. ಇದ್ದರೆ ವಿಸ್ತೀರ್ಣ 3.14 ಚದರ ಸೆಂ.ಮೀ.; ಮೇಲಿನ ಟ್ಯಾಂಕಿನಿಂದ 26 ಮೀಟರ್ ಇಳಿದ ನೀರಿನ ಒತ್ತಡ 2.6 ಕೆಜಿ, ಎರಡನ್ನೂ ಗುಣಿಸಿದರೆ 8.2 ಕಿಲೋ ಬಲ ಅದನ್ನು ತೆರೆಯಲು ತಳ್ಳುತ್ತಿರುತ್ತದೆ. 15 ಸೆಂ.ಮೀ. ವ್ಯಾಸದ ಚೆಂಡು ಅರ್ಧ ಮುಳುಗಿದಾಗ ಅದನ್ನು ಮೇಲೆತ್ತುವ ಬಲ ಒಂದು ಕಿಲೋಗೂ ಕಡಿಮೆ, 0.9ರ ಆಸುಪಾಸು. ಸಲಾಕೆ ಅದನ್ನು ಎಂಟು ಪಟ್ಟು ಹೆಚ್ಚಿಸಿದರೂ ಏಳು ಕಿಲೋ ಚಿಲ್ಲರೆ. ಎಂಟು ಕಿಲೋವನ್ನು ಏಳು ಕಿಲೋ ತಡೆಯಲಾರದು. ಚೆಂಡು ಪೂರ್ತಿ ಮುಳುಗಿದ ಮೇಲೆ ಹೇಗೋ ಮುಚ್ಚಬಹುದು, ಆದರೆ ಅಷ್ಟರಲ್ಲಿ ನೀರು ಓವರ್‌ಫ್ಲೋ ಮಟ್ಟಕ್ಕೆ ಬಂದಿರುತ್ತದೆ. ಹಗಲು ಸರಿಯಾಗಿ ಮುಚ್ಚುವ ವಾಲ್ವು ರಾತ್ರಿ ತೊಟ್ಟಿಕ್ಕುತ್ತಿದ್ದರೆ ಕಾರಣ ಇದೇ: ಹಗಲು ಮೇಲಿನ ಬಳಕೆಯಿಂದ ಒತ್ತಡ ಸ್ವಲ್ಪ ಇಳಿದಿರುತ್ತದೆ. ಪರಿಹಾರ ಎರಡು. ಹೆಚ್ಚಿನ ಒತ್ತಡಕ್ಕೆಂದೇ ಮಾಡಿದ, ಸಣ್ಣ ತೂತಿನ ಹಿತ್ತಾಳೆ ವಾಲ್ವು. ಇಲ್ಲವೇ ನೀರಿನ ಬಲ ಎರಡೂ ಕಡೆಯಿಂದ ಬಿದ್ದು ತಾನೇ ರದ್ದಾಗುವ ಸಮತೋಲನದ ಬಗೆಯದು. ಸಣ್ಣ ತೂತಿನದು ನಿಮಿಷಕ್ಕೆ 40 ಲೀಟರ್ ಬಿಡುತ್ತದೆಯೇ ಎಂದು ಕೊಳ್ಳುವ ಮೊದಲು ಕೇಳಿ, ಬೆಳಗಿನ 30 ಲೀಟರಿಗಿಂತ ಸ್ವಲ್ಪ ಮಿಗಿಲಾಗಿಯೇ ಇರಬೇಕು.

ಫ್ಲೋಟ್ ವಾಲ್ವಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಮೇಲೇ ಇರಬೇಕು. ಸದ್ದು ಕಡಿಮೆಯಾಗಲಿ ಎಂದು ಅದಕ್ಕೆ ಪೈಪು ಸಿಕ್ಕಿಸಿ ನೀರೊಳಗೆ ಇಳಿಸಿದರೆ, ಮೇಲಿನ ಪೈಪು ಖಾಲಿಯಾಗುವಾಗ ಟ್ಯಾಂಕಿನ ನೀರು ಹಿಂದಕ್ಕೆ ಎಳೆಯಲ್ಪಡುತ್ತದೆ.

ಇನ್ನು ಓವರ್‌ಫ್ಲೋ. ಕೊಡಗಿನಲ್ಲಿ ಇದನ್ನು ಬೇರೆಡೆಗಿಂತ ಹೆಚ್ಚು ಗಂಭೀರವಾಗಿ ನೋಡಬೇಕು. ಒಳಬರುವ 25 ಮಿ.ಮೀ. ಪೈಪು ಪೂರ್ತಿ ತೆರೆದುಕೊಂಡು ನಿಂತರೆ 26 ಮೀಟರ್ ಎತ್ತರದಿಂದ ನಿಮಿಷಕ್ಕೆ ಸುಮಾರು 100 ಲೀಟರ್ ಸುರಿಯುತ್ತದೆ. ಮೇಲಿನ 10,000 ಲೀಟರ್ ಟ್ಯಾಂಕು ಎರಡು ಗಂಟೆಯೊಳಗೆ ಖಾಲಿ, ಅಷ್ಟೂ ನೀರು ಕಾಟೇಜುಗಳ ಮೇಲಿನ ಇಳಿಜಾರಿಗೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ, ಕತ್ತರಿಸಿದ ಗುಡ್ಡದ ಅಂಚಿಗೆ ಇಷ್ಟು ನೀರು ಬಿಡುವುದು ಎಂದರೆ ಏನೆಂದು ವಿವರಿಸಬೇಕಿಲ್ಲ. ಆದ್ದರಿಂದ ಓವರ್‌ಫ್ಲೋ ಪೈಪು 75 ಮಿ.ಮೀ. ಇರಲಿ, 50ರದ್ದು ಈ ಹರಿವಿಗೆ ಅಂಚಿನಲ್ಲಿ ನಿಲ್ಲುತ್ತದೆ, ಬಾಯಿಗೆ ಒಂದು ಎಲೆ ಅಡ್ಡಬಂದರೂ ಸಾಲದು. ಅದರ ನೀರು ಕಾಂಕ್ರೀಟ್ ಚರಂಡಿಯಲ್ಲೇ ಸಾಗಿ ಕೆಳಗಿನ ತೋಡಿಗೆ ಸೇರಬೇಕು, ತಡೆಗೋಡೆಯ ಬೆನ್ನಿಗೆ ಇಂಗಬಾರದು. ಪೈಪಿನ ತುದಿ ದಿನವೂ ಯಾರಾದರೂ ಓಡಾಡುವ ಜಾಗದಲ್ಲಿ ಕಾಣುವಂತಿರಲಿ. ಓವರ್‌ಫ್ಲೋ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಫ್ಲೋಟ್ ಸ್ವಿಚ್ ಇಟ್ಟು ಕಚೇರಿಯ ಗಂಟೆಗೆ ಜೋಡಿಸಿದರೆ ರಾತ್ರಿಯ ಚಿಂತೆಯೂ ಇಲ್ಲ. ಕರೆಂಟು ಹೋದಾಗಲೂ ಬಾರಿಸುವಂತೆ ಅದಕ್ಕೆ ಬ್ಯಾಟರಿ ಇರಬೇಕು.

ಟ್ಯಾಂಕು ಕೂರುವ ನೆಲವೂ ಮುಖ್ಯ. ಎರಡು ಟನ್ ನೀರು, ಅದರ ಕೆಳಗಿನ ಸ್ಲ್ಯಾಬಿನ ತೂಕ ಬೇರೆ. ಗುಡ್ಡ ಕಡಿದು ಸಮ ಮಾಡಿದ ಗಟ್ಟಿ ನೆಲದ ಮೇಲೆ ಇಡಬೇಕು, ಕಡಿದ ಮಣ್ಣನ್ನು ಮುಂದಕ್ಕೆ ತುಂಬಿ ಮಾಡಿದ ಅಂಚಿನ ಮೇಲೆ ಅಲ್ಲ. ತುಂಬಿದ ಮಣ್ಣು ಒಂದು ಮಳೆಗಾಲದಲ್ಲಿ ಕೂತರೂ ಟ್ಯಾಂಕಿನ ಪೈಪು ಜಾಯಿಂಟು ಸೀಳುತ್ತದೆ, ಸೋರಿದ ನೀರು ಅದೇ ಮಣ್ಣನ್ನು ಇನ್ನಷ್ಟು ಸಡಿಲಿಸುತ್ತದೆ.

ಪಿಆರ್‌ವಿ ಎಲ್ಲಿ, ಹೇಗೆ

ಪಿಆರ್‌ವಿ ಹಾಕಿದ್ದೇವೆ, ಆದರೂ ಕೆಳಗೆ ಹೋಸು ಒಡೆಯುತ್ತಿದೆ ಎನ್ನುವ ಕಡೆ ಮೊದಲು ನೋಡಬೇಕಾದದ್ದು ವಾಲ್ವು ಎಲ್ಲಿದೆ ಎಂಬುದನ್ನು. ಎಷ್ಟೋ ಕಡೆ ಅದನ್ನು ತಾರಸಿಯಲ್ಲಿ, ಟ್ಯಾಂಕಿನ ಕಾಲಬುಡದಲ್ಲೇ ಹಾಕಿ 3 ಕೆಜಿಗೆ ಕೂರಿಸಿರುತ್ತಾರೆ, ಕೆಳಗೆ 3 ಕೆಜಿ ಹೋಗುತ್ತದೆ ಎಂಬ ನಂಬಿಕೆಯಿಂದ. ಅಲ್ಲಿ ಟ್ಯಾಂಕಿನಿಂದ ನಾಲ್ಕು ಮೀಟರ್ ಕೆಳಗೆ ಇರುವ ಒತ್ತಡವೇ 0.4 ಕೆಜಿ. ಮೂರು ಕೆಜಿ ಬರುವವರೆಗೆ ಆ ವಾಲ್ವು ಬಾಯಿ ತೆರೆದೇ ಇರುತ್ತದೆ, ಅಲ್ಲಿ ಮೂರು ಕೆಜಿ ಎಂದೂ ಬರುವುದಿಲ್ಲ. ಒತ್ತಡ ಹುಟ್ಟುವುದು ಅದರ ಕೆಳಗಿನ ಇಳಿತದಲ್ಲಿ. ಪಿಆರ್‌ವಿಯನ್ನು ಅದು ಕಾಯಬೇಕಾದ ನಲ್ಲಿಗಳ ಮಟ್ಟದಲ್ಲೇ, ಅವುಗಳ ಹತ್ತಿರವೇ ಹಾಕಬೇಕು. ನಮ್ಮ ಲೆಕ್ಕದಲ್ಲಿ ಮೂರನೆಯ ಸಾಲಿನ ಅಂಚಿನಲ್ಲಿ.

ಅದರ ಮುಂದೆ ಜಾಲರಿಯ ಸ್ಟ್ರೈನರ್ ಇಲ್ಲದಿದ್ದರೆ ಹಾಕಿದ್ದೇ ವ್ಯರ್ಥ. ಮಳೆಗಾಲದಲ್ಲಿ ಇಲ್ಲಿನ ನೀರಿನಲ್ಲಿ ಬರುವ ಕೆಂಪು ಮಣ್ಣು, ಸಣ್ಣ ಮರಳು ನೇರವಾಗಿ ವಾಲ್ವಿನ ಆಸನಕ್ಕೆ ಹೋಗಿ ಕೂರುತ್ತದೆ. ಎರಡೂ ಬದಿಗೆ ಒಂದೊಂದು ಮುಚ್ಚುವ ವಾಲ್ವು, ಎರಡೂ ಬದಿಗೆ ಒಂದೊಂದು ಗೇಜು ಇರಬೇಕು. ಗೇಜಿಲ್ಲದ ಪಿಆರ್‌ವಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳಲು ಯಾರಿಗೂ ಸಾಧ್ಯವಿಲ್ಲ. ಸುತ್ತು ಹಾಕಿ ಹೋಗುವ ಬೈಪಾಸ್ ಪೈಪು ಬೇಡವೆಂದೇ ನನ್ನ ಅಭಿಪ್ರಾಯ. ಸ್ಟ್ರೈನರ್ ಕಟ್ಟಿಕೊಂಡ ದಿನ ನೀರು ಬರಲಿ ಎಂದು ಯಾರೋ ಬೈಪಾಸ್ ತೆರೆಯುತ್ತಾರೆ, ಮತ್ತೆ ಮುಚ್ಚಲು ಮರೆಯುತ್ತಾರೆ. ಆಮೇಲೆ ವಾಲ್ವು ಇದ್ದೂ ಇಲ್ಲದಂತೆ. ನಾಲ್ಕು ಕಾಟೇಜಿನ ನೀರು ಹದಿನೈದು ನಿಮಿಷ ನಿಂತರೆ ತೊಂದರೆಯಿಲ್ಲ. ನೀರು ನಿಲ್ಲಿಸಲೇಬಾರದ ಕಡೆ ಎರಡನೆಯ ಪಿಆರ್‌ವಿಯನ್ನೇ ಸಮಾನಾಂತರವಾಗಿ ಹಾಕುವುದು ಸರಿ.

ಕೂರಿಸುವಾಗ ಎಲ್ಲ ನಲ್ಲಿ ಮುಚ್ಚಿ, ಹರಿವಿಲ್ಲದಾಗ ಆಚೆಯ ಗೇಜು 2.5 ತೋರುವಂತೆ ತಿರುಪನ್ನು ಹೊಂದಿಸಬೇಕು. ಎರಡು ನಲ್ಲಿ ತೆರೆದರೆ ಗೇಜು ಸ್ವಲ್ಪ ಇಳಿಯುತ್ತದೆ, ಅದು ಸಹಜ. ನಲ್ಲಿ ತೆರೆದಿಟ್ಟು 2.5ಕ್ಕೆ ಹೊಂದಿಸಿದರೆ ಮುಚ್ಚಿದಾಗ ಅದಕ್ಕಿಂತ ಮೇಲೇರುತ್ತದೆ.

ವಾಲ್ವು ಸೋರುತ್ತಿದೆಯೇ ಎಂದು ತಿಳಿಯುವ ಪರೀಕ್ಷೆ ಹೀಗೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೆ ಆಚೆಯ ಗೇಜನ್ನು ಅರ್ಧ ಗಂಟೆ ಗಮನಿಸಿ. 2.5ರಲ್ಲೇ ನಿಂತರೆ ಸರಿ. ಮೆಲ್ಲಗೆ ಏರುತ್ತ 4.0ರವರೆಗೆ ಹೋಗಿ ಅಲ್ಲಿಗೆ ನಿಂತರೆ ಆಸನದಲ್ಲಿ ಮರಳಿದೆ, ಇಲ್ಲವೇ ರಬ್ಬರು ಸವೆದಿದೆ. ಆದರೆ 4.0ನ್ನೂ ದಾಟಿ ಏರಿದರೆ ಅದು ಮೇಲಿನಿಂದ ಬಂದ ಒತ್ತಡವಲ್ಲ, ಮೇಲೆ ಅಷ್ಟಿಲ್ಲವೇ ಇಲ್ಲ. ಅದು ಗೀಸರು ಮಾಡಿದ್ದು. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದಾಗ ಸುಮಾರು 0.4 ಲೀಟರ್ ಹಿಗ್ಗುತ್ತದೆ. ಮೊದಲು ಆ ನೀರು ಹಿಂದಕ್ಕೆ ಪೈಪಿಗೆ ಸರಿಯುತ್ತಿತ್ತು. ಈಗ ಪಿಆರ್‌ವಿ ದಾರಿ ಮುಚ್ಚಿದೆ. ಒತ್ತಡ ಏರಿ ಗೀಸರಿನ ಸುರಕ್ಷಾ ವಾಲ್ವು ತೊಟ್ಟಿಕ್ಕುತ್ತದೆ. ಗೀಸರನ್ನು ಆರಿಸಿ ಪರೀಕ್ಷೆ ಮತ್ತೆ ಮಾಡಿದರೆ ಎರಡರಲ್ಲಿ ಯಾವುದು ಎಂದು ಖಚಿತವಾಗುತ್ತದೆ. ಈ ಹಿಗ್ಗುವಿಕೆಗೆ ಸಾಲಿಗೊಂದು ಸಣ್ಣ ಎಕ್ಸ್‌ಪ್ಯಾನ್ಶನ್ ಟ್ಯಾಂಕು ಹಾಕಬೇಕು. ಸುರಕ್ಷಾ ವಾಲ್ವು ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಪ್ಲಗ್ಗು ಬಿಗಿಯುವುದು ಪ್ರಾಣಾಪಾಯದ ಕೆಲಸ.

ಕರೆಂಟಿಲ್ಲದ ದಿನಗಳು

ವಲಯಕ್ಕೊಂದು ಪ್ರೆಶರ್ ಪಂಪು ಕೂರಿಸಿ, ಮೇಲಿನ ಟ್ಯಾಂಕನ್ನೇ ಬಿಟ್ಟುಬಿಡುವ ಪದ್ಧತಿ ನಗರಗಳಲ್ಲಿ ಹೆಚ್ಚುತ್ತಿದೆ. ಒತ್ತಡ ಬೇಕಾದಷ್ಟೇ ಸಿಗುತ್ತದೆ, ನಿಜ. ಆದರೆ ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಳೆಗೆ ಮರ ಬಿದ್ದು ತಂತಿ ಹರಿದಾಗ ಇಲ್ಲಿ ಕರೆಂಟು ದಿನಗಟ್ಟಲೆ ಬಾರದಿರುವುದುಂಟು. ಇಳಿಜಾರಿನ ಬ್ರೇಕ್ ಟ್ಯಾಂಕಿನ ವ್ಯವಸ್ಥೆಯಲ್ಲಿ ಪಂಪಿನ ಕೆಲಸ ಒಂದೇ, ಮೇಲಿನ ಟ್ಯಾಂಕನ್ನು ತುಂಬುವುದು. ಜನರೇಟರನ್ನು ದಿನಕ್ಕೆ ಒಂದೆರಡು ಗಂಟೆ ಓಡಿಸಿದರೆ ಉಳಿದದ್ದನ್ನು ಗುಡ್ಡವೇ ನೋಡಿಕೊಳ್ಳುತ್ತದೆ.

ಬೋರ್‌ವೆಲ್ ಕೆಳಗಿನ ಕಣಿವೆಯಲ್ಲಿದ್ದರೆ ಒಂದು ಸಹಜ ಪ್ರಶ್ನೆ ಬರುತ್ತದೆ: ಕಾಟೇಜಿನ ನೀರನ್ನು ತುದಿಯವರೆಗೆ ಏರಿಸಿ ಮತ್ತೆ ಇಳಿಸುವುದೇಕೆ, ನೇರ ಬ್ರೇಕ್ ಟ್ಯಾಂಕಿಗೇ ಬಿಡಬಾರದೇ? 7,200 ಲೀಟರನ್ನು ಆ ಹೆಚ್ಚುವರಿ 26 ಮೀಟರ್ ಏರಿಸಲು, ಪಂಪಿನ ದಕ್ಷತೆ ಶೇ. 45 ಎಂದುಕೊಂಡರೆ, ದಿನಕ್ಕೆ ಸುಮಾರು 1.1 ಯೂನಿಟ್ ಬೇಕು. ಉಳಿತಾಯ ಅಷ್ಟೇ. ಅದಕ್ಕಾಗಿ ಎರಡು ಟ್ಯಾಂಕಿಗೆ ಎರಡು ಲೆವೆಲ್ ಕಂಟ್ರೋಲು, ಎರಡು ದಿಕ್ಕಿನ ವಾಲ್ವುಗಳನ್ನು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಏರುವ ಪೈಪಿನಿಂದ ಬ್ರೇಕ್ ಟ್ಯಾಂಕಿಗೆ, ಅಲ್ಲೂ ಓವರ್‌ಫ್ಲೋ ಮಟ್ಟದ ಮೇಲೇ ನೀರು ಬೀಳುವಂತೆ, ಒಂದು ಕವಲು ಬಿಟ್ಟು, ವಾಲ್ವು ಮುಚ್ಚಿ ಇಟ್ಟರೆ ಮೇಲಿನ ಟ್ಯಾಂಕು ತೊಳೆಯುವ ದಿನ ಉಪಯೋಗಕ್ಕೆ ಬರುತ್ತದೆ.

ಈಗಾಗಲೇ ಒಂದೇ ಪೈಪಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನೀರು ಕೊಡುತ್ತಿರುವ ಕಡೆ ಎಲ್ಲವನ್ನೂ ಕಿತ್ತುಹಾಕಬೇಕಿಲ್ಲ. ಮುಖ್ಯ ಕಟ್ಟಡದ ಕೆಳಗೆ ಪೈಪು ಹೊರಬರುವ ಜಾಗದಲ್ಲಿ ಅದನ್ನು ಕತ್ತರಿಸಿ, ಮೇಲಿನ ತುದಿಯನ್ನು ಬ್ರೇಕ್ ಟ್ಯಾಂಕಿನ ಫ್ಲೋಟ್ ವಾಲ್ವಿಗೂ ಕೆಳಗಿನ ತುದಿಯನ್ನು ಟ್ಯಾಂಕಿನ ತಳಕ್ಕೂ ಜೋಡಿಸಿದರೆ ವಲಯ ಎರಡಾಯಿತು. ಕೆಳಗಿನ ಪೈಪು ಸಣ್ಣದಿದ್ದರೆ ಈ ಬದಲಾವಣೆಯ ಮರುದಿನವೇ ಮೊದಲ ಸಾಲಿನಿಂದ ನೀರು ಸಾಲದೆಂಬ ದೂರು ಬರುತ್ತದೆ. ಅದುವರೆಗೆ ಹೆಚ್ಚುವರಿ ಒತ್ತಡ ಆ ಕೊರತೆಯನ್ನು ಮುಚ್ಚಿಟ್ಟಿತ್ತು. ಹಾಗಾಗಿ ಟ್ಯಾಂಕಿನಿಂದ ಮೊದಲ ಸಾಲಿನವರೆಗಿನ ತುಂಡನ್ನು ಅದೇ ಕೆಲಸದ ಜೊತೆಗೆ 40 ಮಿ.ಮೀ.ಗೆ ಬದಲಿಸಬೇಕು. ಹಳೆಯ ಹೋಸುಗಳನ್ನೂ, ವಿಶೇಷವಾಗಿ ಕೆಳಗಿನ ಎರಡು ಸಾಲುಗಳಲ್ಲಿ ವರ್ಷಗಳ ಕಾಲ ಹೆಚ್ಚು ಒತ್ತಡ ತಿಂದವನ್ನು, ಆಗಲೇ ತೆಗೆದುಹಾಕುವುದು ಲೇಸು. ಒತ್ತಡ ಇಳಿದ ಮೇಲೂ ಅವುಗಳ ಒಳಗಿನ ರಬ್ಬರು ಮೊದಲಿನ ಬಲಕ್ಕೆ ಬರುವುದಿಲ್ಲ. ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ, ಓವರ್‌ಫ್ಲೋ ಚರಂಡಿಗೆ ನಿಮಿಷಕ್ಕೆ ನೂರು ಲೀಟರ್ ಬಿಟ್ಟು ನೀರು ತೋಡಿನವರೆಗೂ ಎಲ್ಲೂ ಚೆಲ್ಲದೆ ತಲುಪುತ್ತದೆಯೇ ಎಂದು ನಡೆದು ನೋಡಬೇಕು.